ಅಪ್ಪಯ್ಯನ ಟಿವಿ, 14 ತಿಂಗಳ ನಂತರ: ಚಿತ್ರಕ್ಕೆ ಪೂರ್ತಿ ಅಂಕ, ರಿಮೋಟ್‌ಗೆ ಸೊನ್ನೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಳಗೆ ನಮ್ಮ ಮನೆ. ನಾನಿರುವುದು ಡಬ್ಲಿನ್‌ನಲ್ಲಿ. ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪಯ್ಯ, ಅಮ್ಮನಿಗೆ 43 ಇಂಚಿನ ಗೂಗಲ್ ಟಿವಿ ಕೊಡಿಸಿದೆ. 27,000 ರೂಪಾಯಿ. ಅದಕ್ಕಿಂತ ಜಾಸ್ತಿ ಹಾಕಿದ್ದರೆ ಅಪ್ಪಯ್ಯ ವಾಪಸ್ ಕಳಿಸುತ್ತಿದ್ದರು. ಪ್ಯಾನಲ್, ರೆಸಲ್ಯೂಷನ್ ಎಲ್ಲ ನೀವು ಓದಿಯೇ ಇರುತ್ತೀರಿ. ಅದನ್ನು ಬಿಡುತ್ತೇನೆ.

ಟಿವಿ ಬರುವ ದಿನ ಮಧ್ಯಾಹ್ನದ ಮೇಲೆ ರಜೆ ಹಾಕಿದ್ದೆ. ಊರಲ್ಲಿ ಸಂಜೆ ಏಳು ಅಂದರೆ ನನಗೆ ಎರಡೂವರೆ. ಹಿಂದಿನ ರಾತ್ರಿಯೇ ಒಂದು ಮೆಸೇಜ್ ಬರೆದು ಕಳಿಸಿದ್ದೆ:

"ಅಪ್ಪಯ್ಯ, ಅಮ್ಮ, ಇವತ್ತು ಇಂಟರ್ನೆಟ್ ಗೊಡವೆ ಬೇಡ. ಟಿವಿ ಹಾಕಿದ ಮೇಲೆ ಮೊದಲು ಭಾಷೆ ಕೇಳುತ್ತದೆ, ಕೊಡಿ. ಆಮೇಲೆ Set up basic TV ಅಂತ ಬಂದರೆ ಅದನ್ನೇ ಒತ್ತಿ. ಮನೆಗೋ ಅಂಗಡಿಗೋ ಅಂತ ಕೇಳಿದರೆ Home ಅನ್ನಿ. ಕೊನೆಗೆ ರಿಮೋಟ್‌ನಲ್ಲಿ ಚೌಕದೊಳಗೆ ಬಾಣ ಹೋಗುವ ಹಾಗೆ ಒಂದು ಗುಂಡಿ ಇದೆ. ಅದನ್ನೊತ್ತಿ HDMI 1 ಆರಿಸಿ. ನಿಮ್ಮ ಚಾನೆಲ್ ಎಲ್ಲ ಅಲ್ಲೇ ಇರುತ್ತವೆ."

ಬುದ್ಧಿವಂತಿಕೆಯ ಮೆಸೇಜ್ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. Home ವಿಷಯ ಹೇಳಿದ್ದು ಒಳ್ಳೆಯದೇ ಆಯಿತು. ಅಂಗಡಿಯ ಮೋಡ್‌ನಲ್ಲಿ ಬಿಟ್ಟರೆ ಬೆಳಕು ಕಣ್ಣು ಕುಕ್ಕುತ್ತದೆ, ಪರದೆ ಮೇಲೆ ಅದರದ್ದೇ ಜಾಹೀರಾತು ಓಡುತ್ತಿರುತ್ತದೆ. Basic TV ಕೂಡ ಮೊದಲ ದಿನಕ್ಕೆ ಸರಿಯಾದದ್ದೇ. ವೈಫೈ, ಗೂಗಲ್ ಖಾತೆ ಯಾವುದೂ ಇಲ್ಲದೆ ಡಿಶ್ ನೋಡಬಹುದು. ಉಳಿದದ್ದನ್ನು ಆಮೇಲೆ ಮಾಡಿಕೊಂಡರಾಯಿತು.

ಏಳು ಗಂಟೆಗೆ ವಿಡಿಯೋ ಕಾಲ್ ಬಂತು. ಅಮ್ಮನ ಮುಖದಲ್ಲಿ ಖುಷಿ ಇಲ್ಲ. "ಅಲ್ಲ ಮಾರಾಯಾ, ಹಳೇ ಟಿವಿನೇ ಚೆಂದ ಕಾಣ್ತಿತ್ತು. ಇದ್ರಲ್ಲಿ ಎಲ್ಲರೂ ದಪ್ಪ ಆಗಿದಾರೆ." HDMI 1 ಒತ್ತಿದರೆ ಬರೀ ಕಪ್ಪು, "ಸಿಗ್ನಲ್ ಇಲ್ಲ" ಅನ್ನುತ್ತಿತ್ತಂತೆ. ಅಪ್ಪಯ್ಯ ಒಂದೊಂದೇ ಒತ್ತಿ ನೋಡಿ AV ಅನ್ನುವುದರಲ್ಲಿ ಚಾನೆಲ್ ಹುಡುಕಿಕೊಂಡಿದ್ದರು.

ಫೋನನ್ನು ಟಿವಿಯ ಬೆನ್ನಿಗೆ ಹಿಡಿಯಿರಿ ಅಂದೆ. ಹಳದಿ, ಕೆಂಪು, ಬಿಳಿ ಮೂರು ವೈರು. ಟಿವಿ ಕೂರಿಸಲು ಬಂದ ಹುಡುಗ ಹಳೇ ಡಬ್ಬಾ ಟಿವಿಯಿಂದ ಬಿಚ್ಚಿದ್ದನ್ನೇ ಇದಕ್ಕೂ ಸಿಕ್ಕಿಸಿ ಹೋಗಿದ್ದ. ಆ ಹಳದಿ ವೈರಿನಲ್ಲಿ ಹಳೇ ಗುಣಮಟ್ಟದ ಚಿತ್ರ ಮಾತ್ರ ಬರುತ್ತದೆ. ಸಣ್ಣ ಟಿವಿಯಲ್ಲಿ ಅದು ಗೊತ್ತಾಗುವುದಿಲ್ಲ, 43 ಇಂಚಿಗೆ ಹಿಗ್ಗಿಸಿದಾಗ ಮಸುಕು. ಜೊತೆಗೆ ಚೌಕಾಕಾರದ ಚಿತ್ರವನ್ನು ಅಗಲಕ್ಕೆ ಎಳೆದದ್ದರಿಂದ ಧಾರಾವಾಹಿಯ ಸೊಸೆಯರೆಲ್ಲ ದಪ್ಪಗಾಗಿದ್ದರು. ನಮ್ಮ ಪುಣ್ಯಕ್ಕೆ ಸೆಟ್‌ಟಾಪ್ ಬಾಕ್ಸ್‌ನಲ್ಲಿ HDMI ಕಿಂಡಿ ಇತ್ತು. ಎರಡು ವರ್ಷದ ಹಿಂದೆ ಬಾಕ್ಸ್ ಜೊತೆ ಬಂದಿದ್ದ ವೈರನ್ನು ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದರು. ಅಮ್ಮ ಯಾವುದನ್ನೂ ಎಸೆಯುವುದಿಲ್ಲ. ಅದನ್ನು ಸಿಕ್ಕಿಸಿ ಚಾನೆಲನ್ನೂ ಎಚ್‌ಡಿ ನಂಬರಿಗೆ ಬದಲಿಸಿದ ಮೇಲೆ ಸುಮಾರು ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಇಬ್ಬರೂ ನನ್ನನ್ನು ಮರೆತು ಟಿವಿ ನೋಡುತ್ತಿದ್ದರು.

ಇಷ್ಟಕ್ಕೇ ಬರೆಯುವುದನ್ನು ನಿಲ್ಲಿಸಿದ್ದರೆ ಐದು ನಕ್ಷತ್ರ ಕೊಡುತ್ತಿದ್ದೆ.

ಕಿರಿಕಿರಿ ಶುರುವಾದದ್ದು ಮಾರನೇ ದಿನ, ಇಂಟರ್ನೆಟ್ ಕೊಟ್ಟ ಮೇಲೆ. ಈ ರಿಮೋಟ್‌ನಲ್ಲಿ ಮನೆಯ ಚಿತ್ರದ ಗುಂಡಿ ಹೆಬ್ಬೆರಳು ಕೂರುವ ಜಾಗದಲ್ಲೇ ಇದೆ. ಅದರ ಕೆಳಗೆ ಸಾಲಾಗಿ ಆ್ಯಪ್‌ಗಳ ನಾಲ್ಕು ದಪ್ಪ ಗುಂಡಿ. ಧ್ವನಿ ಹೆಚ್ಚಿಸಲು ಹೋಗಿ ಅದರಲ್ಲಿ ಯಾವುದಕ್ಕೆ ಬೆರಳು ತಾಗಿದರೂ ಚಾನೆಲ್ ಮಾಯ. ವಾಪಸ್ ಬರುವ ಇನ್‌ಪುಟ್ ಗುಂಡಿ ಮಾತ್ರ ಮೇಲೆ ಮೂಲೆಯಲ್ಲಿ, ಉದ್ದಿನ ಕಾಳಿನಷ್ಟು. ಸೆಟ್‌ಟಾಪ್ ಬಾಕ್ಸ್‌ನ ರಿಮೋಟ್ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಬಾಕ್ಸ್ ತನ್ನ ಪಾಡಿಗೆ ಚಾನೆಲ್ ಬದಲಿಸುತ್ತಿರುತ್ತದೆ, ಟಿವಿ ಬೇರೆ ಕಡೆ ನೋಡುತ್ತಿರುತ್ತದೆ. "ಟಿವಿ ಹಾಳಾಯ್ತು" ಅಂತ ವಾರಕ್ಕೆ ಮೂರು ಫೋನ್. ಒಮ್ಮೆ ಮೀಟಿಂಗ್ ನಡುವೆ ಎದ್ದು ಹೋಗಿ "ಚೌಕದೊಳಗೆ ಬಾಣ, ಅಮ್ಮ" ಅಂದಿದ್ದೇನೆ. "ಚೌಕ ಕಾಣ್ತದೆ, ಬಾಣ ಎಲ್ಲಿ?" ಅಂದರು. ನಿಜ, ಕನ್ನಡಕ ಹಾಕಿದರೂ ಕಾಣುವಂಥದ್ದಲ್ಲ ಅದು.

HDMI-CEC ಅಂತ ಒಂದು ಸೌಲಭ್ಯ ಇದೆ. ಬಾಕ್ಸ್ ಆನ್ ಮಾಡಿದರೆ ಟಿವಿ ತಾನಾಗಿ ಅದರ ಕಡೆ ತಿರುಗಬೇಕು. ಆದರೆ ಎರಡೂ ಕಡೆ ಅದು ಇರಬೇಕು, ನಮ್ಮ ಬಾಕ್ಸ್‌ನಲ್ಲಿ ಇಲ್ಲ. ಕೊನೆಗೆ ಕೈ ಹಿಡಿದದ್ದು ಸೆಟ್ಟಿಂಗ್‌ನಲ್ಲಿ ಒಳಗೆಲ್ಲೋ ಇದ್ದ ಒಂದು ಸಾಲು. ಟಿವಿ ಆನ್ ಆದಾಗ ಹೋಮ್ ಪರದೆ ಬರಬೇಕೋ, ಕೊನೆಗೆ ಬಳಸಿದ ಇನ್‌ಪುಟ್ ಬರಬೇಕೋ ಅಂತ ಕೇಳುವ ಸಾಲು. ಎರಡನೆಯದನ್ನು ಹಾಕಿಸಿದೆ. ಈಗ ದಾರಿ ತಪ್ಪಿದರೆ ಟಿವಿ ಆಫ್ ಮಾಡಿ ಆನ್ ಮಾಡುತ್ತಾರೆ, ಡಿಶ್ ಬರುತ್ತದೆ. ಎಲ್ಲ ಟಿವಿಯಲ್ಲೂ ಇದು ಸಿಗುವುದಿಲ್ಲ. ಹಿರಿಯರಿಗೆ ಕೊಡಿಸುವವರು ಅಂಗಡಿಯಲ್ಲೇ ಇದನ್ನು ಮಾಡಿ ತೋರಿಸಿ ಅನ್ನಿ.

ಮುಂಗಾರಿಗೆ ಮುಂಚಿನ ಗುಡುಗಿನಲ್ಲಿ ಇನ್ನೊಂದು ಪಾಠವಾಯಿತು. ಅಪ್ಪಯ್ಯ ಪ್ಲಗ್ ಕಿತ್ತಿದ್ದರು, ಡಿಶ್ ವೈರ್ ಹಾಗೇ ಇತ್ತು. ಸಿಡಿಲಿನ ಹೊಡೆತ ಮಾಡಿನ ಮೇಲಿನ ಡಿಶ್‌ನಿಂದ ಇಳಿದು ಬಾಕ್ಸನ್ನು ಸುಟ್ಟಿತು. ಅಲ್ಲಿಂದ HDMI ವೈರಿನಲ್ಲಿ ಟಿವಿಗೆ ಬಂದು HDMI 1 ಕಿಂಡಿಯನ್ನೂ ತೆಗೆಯಿತು. ಸ್ಟೆಬಿಲೈಸರ್ ಇದನ್ನು ತಡೆಯುವುದಿಲ್ಲ. ಅದರ ಕೆಲಸ ವೋಲ್ಟೇಜ್ ಸರಿ ಮಾಡುವುದಷ್ಟೇ. ಬಾಕ್ಸ್‌ನ ಹಿಂದಿನ ಡಿಶ್ ವೈರನ್ನೂ ತಿರುಗಿಸಿ ಬಿಚ್ಚಬೇಕು, ಅದೂ ಗುಡುಗು ಹತ್ತಿರ ಬರುವ ಮೊದಲೇ. ಹೊಸ ಬಾಕ್ಸನ್ನು HDMI 2ಕ್ಕೆ ಹಾಕಿದ್ದಾಯಿತು. ನನ್ನ ಮೊದಲ ಸಂಜೆಯ ಮೆಸೇಜನ್ನು ಅಮ್ಮ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿಕೊಂಡಿದ್ದರು. ಅದರಲ್ಲಿ 1 ಹೊಡೆದು 2 ಮಾಡುವುದನ್ನು ಮರೆತು ಎರಡು ದಿನ ಒದ್ದಾಡಿದರು.

ಬೈದು ಮುಗಿಸೋಣ ಅಂದುಕೊಂಡೇ ಬರೆಯಲು ಕೂತೆ. ಆದರೆ ಮಳೆಗಾಲದ ಸಂಜೆಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಜೋರು ಮಳೆ ಹಿಡಿದರೆ ಡಿಶ್ ಸಿಗ್ನಲ್ ಹೋಗುತ್ತದೆ. ಉಪಗ್ರಹದಿಂದ ಬರುವ ಆ ಅಲೆಗಳನ್ನು ಮಳೆ ಹನಿಗಳೇ ಹೀರುತ್ತವೆ, ಆಗುಂಬೆ ಕಡೆಯ ಮಳೆ ಬೇರೆ ಕೇಳಬೇಕಾ! ಫೈಬರ್ ವೈರಿಗೆ ಆ ತಾಪತ್ರಯ ಇಲ್ಲ. ಕರೆಂಟ್ ಇರುವಷ್ಟು ಹೊತ್ತು ಯೂಟ್ಯೂಬ್ ನಡೆಯುತ್ತದೆ. ಮೇಳಗಳು ಗೆಜ್ಜೆ ಬಿಚ್ಚಿ ಕೂರುವ ತಿಂಗಳುಗಳಲ್ಲಿ ಅಪ್ಪಯ್ಯ ಹಂಡೆ ಒಲೆಗೆ ಬೆಂಕಿ ಹಾಕಿ, ಸ್ನಾನ ಮುಗಿಸಿ, ಕವಳ ಹಾಕಿಕೊಂಡು ಯಕ್ಷಗಾನಕ್ಕೆ ಕೂರುತ್ತಾರೆ. ಚಂಡೆ ಸದ್ದು ಮಳೆ ಸದ್ದಿನ ಮೇಲೆ ಕೇಳಬೇಕಲ್ಲ, ಧ್ವನಿ ಪೂರ್ತಿ ಏರಿಸುತ್ತಾರೆ. ಟಿವಿಯ ಸ್ಪೀಕರ್ ಅಷ್ಟಕ್ಕಷ್ಟೇ, ಅವರಿಗೆ ಸಾಕು.

ಹೋದ ತಿಂಗಳು ಊರಿಗೆ ಹೋದಾಗ ರಿಮೋಟ್ ಕೈಗೆ ತೆಗೆದುಕೊಂಡೆ. ಹಳೇ ಸೈಕಲ್ ಟ್ಯೂಬಿನ ಎರಡು ಬೆರಳಗಲದ ಪಟ್ಟಿಯನ್ನು ಅಪ್ಪಯ್ಯ ಆ ನಾಲ್ಕು ಆ್ಯಪ್ ಗುಂಡಿಗಳ ಮೇಲೆ ಬಿಗಿಯಾಗಿ ಏರಿಸಿದ್ದರು. ಒತ್ತಿದರೂ ತಾಗುವುದಿಲ್ಲ. ಯಕ್ಷಗಾನ ಬೇಕಾದಾಗ ಪಟ್ಟಿಯನ್ನು ಕೆಳಗೆ ಜಾರಿಸಿ ಯೂಟ್ಯೂಬ್ ಒತ್ತಿ ಮತ್ತೆ ಮೇಲೆ ಎಳೆಯುತ್ತಾರೆ. ನಾಲ್ಕು ತಿಂಗಳಾಯಿತಂತೆ, ನನಗೆ ಹೇಳಿರಲೇ ಇಲ್ಲ. "ಟಿವಿ ಹಾಳಾಯ್ತು" ಫೋನ್ ಯಾಕೆ ನಿಂತಿತ್ತು ಅಂತ ಆಗ ಗೊತ್ತಾಯಿತು.