Hide Self View ಒತ್ತಿ ನಾಲ್ಕು ವರ್ಷ: ನನಗೆ ಕಾಣದ ನಾನು ಮಕ್ಕಳಿಗೆ ಕಾಣುತ್ತಲೇ ಇರುತ್ತೇನೆ

ನಾನು ಧಾರವಾಡದಲ್ಲಿ ಹಾರ್ಮೋನಿಯಂ ಕಲಿಸುತ್ತೇನೆ. ಮನೆಗೆ ಬರುವ ಮಕ್ಕಳ ಜೊತೆಗೆ ಗದಗ, ಹಾವೇರಿ, ಪುಣೆ ಕಡೆಯ ಏಳೆಂಟು ಜನರಿಗೆ ಝೂಮ್‌ನಲ್ಲಿ ಪಾಠ ಇರುತ್ತದೆ, ವಾರಕ್ಕೆ ಒಂಬತ್ತು ಹತ್ತು ತಾಸು. ನಾಲ್ಕು ವರ್ಷದಿಂದ ಪ್ರತಿ ಪಾಠದಲ್ಲೂ ನನ್ನ ವಿಡಿಯೋ ನನಗೆ ಕಾಣದ ಹಾಗೆ ಮರೆಮಾಡಿ ಕೂರುತ್ತೇನೆ. ಇಷ್ಟು ದಿನ ಬಳಸಿದ ಮೇಲೆ ಇದರಿಂದ ಆದ ಲಾಭ, ಆದ ಎಡವಟ್ಟು ಎರಡನ್ನೂ ಬರೆಯಬೇಕು ಅನಿಸಿತು. ಇದು ಕಂಪ್ಯೂಟರ್, ಲ್ಯಾಪ್‌ಟಾಪ್ ಬಳಸುವವರಿಗೆ ಮಾತ್ರ.

ಮೊದಲು ಯಾಕೆ ಮರೆಮಾಡಿದೆ ಅಂತ ಹೇಳಿಬಿಡುತ್ತೇನೆ. ಹಾಡುತ್ತಾ ನುಡಿಸುವಾಗ ಕಣ್ಣು ತಾನಾಗಿ ಪರದೆಯಲ್ಲಿ ನಾನು ಕಾಣುವ ಚೌಕದ ಮೇಲೆಯೇ ಹೋಗುತ್ತಿತ್ತು. ಬಾಯಿ ಹೇಗೆ ತೆರೀತು, ಹುಬ್ಬು ಯಾಕೆ ಏರಿತು, ಇದೇ ಲೆಕ್ಕ. ಎದುರಿಗಿರುವ ಹುಡುಗಿ ಯಾವ ಬೆರಳು ಇಟ್ಟಳು ಅಂತ ನೋಡಬೇಕಾದ ಹೊತ್ತಿನಲ್ಲಿ ನಾನು ನನ್ನನ್ನೇ ನೋಡುತ್ತಾ ಕೂತಿರುತ್ತಿದ್ದೆ. ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಪರದೆಯಲ್ಲಿ ಕಾಣುವ ನನ್ನ ಕೈ ನಿಜವಾದ ಕೈಗಿಂತ ಕೂದಲೆಳೆಯಷ್ಟು ತಡವಾಗಿ ಚಲಿಸುತ್ತಿತ್ತು, ಲಯ ಹಿಡಿದು ನುಡಿಸುವವನಿಗೆ ಅದು ಕಣ್ಣಿಗೆ ಬಿದ್ದರೆ ಸಾಕು, ಲಯ ಅಲ್ಲಾಡುತ್ತದೆ. ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಸಭೆಗಳ ದಣಿವಿಗೆ ನಾಲ್ಕು ಕಾರಣ ಬರೆದಿದ್ದರು, ಅದರಲ್ಲಿ ಒಂದು ಹೀಗೆ ತನ್ನನ್ನು ತಾನೇ ನೋಡುತ್ತಾ ಕೂರುವುದು. ದಿನವಿಡೀ ಯಾರೋ ಕನ್ನಡಿ ಹಿಡಿದುಕೊಂಡು ಹಿಂದೆಯೇ ಬಂದ ಹಾಗೆ ಅನ್ನುತ್ತಾರೆ ಅವರು. ನನಗೆ ಆಗುತ್ತಿದ್ದದ್ದೂ ಅದೇ.

ಮರೆಮಾಡುವುದು ಸುಲಭ. ಪಾಠ ಶುರುವಾದ ಮೇಲೆ ನಿಮ್ಮ ಚೌಕದ ಮೇಲೆ ಮೌಸ್ ಇಡಿ, ಮೂರು ಚುಕ್ಕಿ ಕಾಣುತ್ತವೆ, ಒತ್ತಿದರೆ Hide Self View ಅಂತ ಬರುತ್ತದೆ. ಮತ್ತೆ ಬೇಕಾದರೆ ಮೇಲೆ ಬಲಗಡೆಯ View ಒತ್ತಿ Show Self View ಆರಿಸಿ. ಟೀಮ್ಸ್‌ನಲ್ಲಿ ಇದೇ ಕೆಲಸಕ್ಕೆ Hide for me ಅಂತ ಇದೆ. ಆ ಹೆಸರು ನನಗೆ ಹೆಚ್ಚು ಹಿಡಿಸಿತು, ಮರೆ ಆಗುವುದು ನನಗೆ ಮಾತ್ರ ಅಂತ ಅದರಲ್ಲೇ ಬಂತಲ್ವಾ.

ಎಲ್ಲರೂ ಎಡವುವುದು ಇಲ್ಲೇ. ನನ್ನ ಚೌಕ ಹೋದ ತಕ್ಷಣ ಕ್ಯಾಮೆರಾನೇ ಬಂದ್ ಆಯಿತು ಅನಿಸುತ್ತದೆ, ಆದರೆ ಆಗಿರುವುದಿಲ್ಲ. ಕ್ಯಾಮೆರಾ ನಡೆಯುತ್ತಲೇ ಇರುತ್ತದೆ, ನನ್ನ ಚಿತ್ರ ಮೊದಲಿನ ಹಾಗೇ ಎಲ್ಲರಿಗೂ ಹೋಗುತ್ತಿರುತ್ತದೆ, ನನ್ನ ಪರದೆ ಮಾತ್ರ ಅದನ್ನು ನನಗೆ ತೋರಿಸುವುದಿಲ್ಲ. ಹಾಗಾಗಿ ಡೇಟಾ ಉಳಿತಾಯವೂ ಇಲ್ಲ. ಇಬ್ಬರ ನಡುವಿನ ಕರೆಯಲ್ಲಿ ಒಳ್ಳೆಯ ವಿಡಿಯೋಗೆ ಸೆಕೆಂಡಿಗೆ 600 ಕಿಲೋಬಿಟ್ ಬೇಕು ಅಂತಿಟ್ಟುಕೊಂಡರೆ, ನನ್ನ ಕಡೆಯಿಂದ ಹೋಗುವ ಚಿತ್ರವೊಂದೇ ತಾಸಿಗೆ ಸುಮಾರು 270 ಎಂಬಿ ತಿನ್ನುತ್ತದೆ, ನನಗೆ ಕಂಡರೂ ಅಷ್ಟೇ, ಕಾಣದಿದ್ದರೂ ಅಷ್ಟೇ. ನೆಟ್ ಎಳೆದಾಡುವಾಗ ನಿಜವಾಗಿ ಭಾರ ಇಳಿಸಬೇಕಾದರೆ Stop Video ಒತ್ತಬೇಕು.

ನಮ್ಮ ಮನೆಯಲ್ಲೇ ಒಮ್ಮೆ ಆದದ್ದು ನೋಡಿ. ಪಾಠದ ನಡುವೆ ನನ್ನ ಹೆಂಡತಿ ಕೋಣೆಗೆ ಬಂದಳು, ಪರದೆ ಕಡೆ ಒಮ್ಮೆ ನೋಡಿದಳು, ಹುಡುಗಿ ಒಬ್ಬಳೇ ಕಾಣುತ್ತಿದ್ದಾಳೆ, ನಾನು ಎಲ್ಲೂ ಇಲ್ಲ. ಕ್ಯಾಮೆರಾ ಬಂದ್ ಇದೆ ಅಂದುಕೊಂಡು ನನ್ನ ಹಿಂದಿನ ಹಗ್ಗದ ಮೇಲೆ ಒದ್ದೆ ಬಟ್ಟೆ ಹಾಕತೊಡಗಿದಳು. ಮಳೆಗಾಲ, ಹೊರಗೆ ಹಾಕುವ ಹಾಗಿರಲಿಲ್ಲ. ಆಮೇಲೆ ಗೊತ್ತಾಗಿ ಅವಳಿಗೆ ಬಹಳ ಬೇಜಾರಾಯಿತು. ತಪ್ಪು ಅವಳದ್ದಲ್ಲ, ನಾನು ಮೊದಲೇ ಹೇಳಬೇಕಿತ್ತು. ಈಗ ಮನೆಯಲ್ಲಿ ಎಲ್ಲರಿಗೂ ಎರಡು ಗುರುತು ಹೇಳಿಕೊಟ್ಟಿದ್ದೇನೆ. ಕ್ಯಾಮೆರಾ ಪಕ್ಕದ ಚಿಕ್ಕ ದೀಪ ಹತ್ತಿದ್ದರೆ ಒಳಗೆ ಬರುವ ಮುಂಚೆ ಕೇಳಬೇಕು. ಎರಡನೆಯದು, ಕೆಳಗಿನ ಸಾಲಿನ ವಿಡಿಯೋ ಚಿತ್ರದ ಮೇಲೆ ಕೆಂಪು ಅಡ್ಡಗೆರೆ ಇದ್ದರೆ ಮಾತ್ರ ವಿಡಿಯೋ ನಿಂತಿದೆ, ಇಲ್ಲದಿದ್ದರೆ ಹೋಗುತ್ತಿದೆ. ಪರದೆಯಲ್ಲಿ ನಾನು ಕಾಣುತ್ತೇನೋ ಇಲ್ಲವೋ ಅನ್ನುವುದನ್ನು ಯಾರೂ ಗುರುತಾಗಿ ಇಟ್ಟುಕೊಳ್ಳಬಾರದು.

ಈಗ ನನಗೆ ನಿಜವಾಗಿ ನೋವಾದ ಪಾಠದ ವಿಷಯ. ಹಾರ್ಮೋನಿಯಂ ಕಲಿಸುವಾಗ ಲ್ಯಾಪ್‌ಟಾಪ್ ನೆಲದ ಮೇಲೆ ಇಟ್ಟರೆ ನಡೆಯುವುದಿಲ್ಲ, ಮಕ್ಕಳಿಗೆ ಪೆಟ್ಟಿಗೆಯ ಬೆನ್ನು ಮಾತ್ರ ಕಾಣುತ್ತದೆ, ಬೆರಳಿಟ್ಟು ನುಡಿಸುವ ಮನೆಗಳು ಕಾಣುವುದಿಲ್ಲ. ಅದಕ್ಕೆ ನಾನು ಹಳೇ ಟ್ರಂಕಿನ ಮೇಲೆ ಮಣೆ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪರದೆಯನ್ನು ಮುಂದಕ್ಕೆ ಬಾಗಿಸುತ್ತೇನೆ. ಆಗ ಮೇಲಿನಿಂದ ಬೆರಳು, ಮನೆ, ಮುಖ ಮೂರೂ ಕಾಣುತ್ತವೆ. ಆದರೆ ಜಮಖಾನೆ ಮೇಲೆ ಕೂತು ಗಾಳಿ ತುಂಬುವ ಭಾತೆ ಒತ್ತುತ್ತಾ ಇದ್ದರೆ ಪೆಟ್ಟಿಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಕಾಲು ಜೋಮು ಹಿಡಿದು ಮಗ್ಗಲು ಬದಲಿಸಿದಾಗ ಇನ್ನೂ ಸ್ವಲ್ಪ. ಒಂದು ತಾಸಿನಲ್ಲಿ ನಾಲ್ಕು ಬೆರಳಷ್ಟು ಎಡಕ್ಕೆ ಹೋಗಿರುತ್ತದೆ. ನನ್ನ ಚೌಕ ಕಾಣುತ್ತಿದ್ದಾಗ ಇದು ತಕ್ಷಣ ಗೊತ್ತಾಗುತ್ತಿತ್ತು. ಮರೆಮಾಡಿದ ಮೇಲೆ ಗೊತ್ತಾಗುವುದೇ ಇಲ್ಲ.

ಅವತ್ತು ಗದಗಿನ ಹುಡುಗಿಗೆ ಯಮನ್ ರಾಗ ಶುರು ಮಾಡಿದ್ದೆ. ಬಿಳಿ ಒಂದನೇ ಮನೆಯಲ್ಲಿ ಷಡ್ಜ. ಯಮನ್ ಹಿಡಿಯುವುದೇ ಮಂದ್ರದ, ಅಂದರೆ ಕೆಳಗಿನ ಸಪ್ತಕದ ನಿಷಾದದಿಂದ, ನಿ ರೇ ಗ ಅಂತ. ನಾನು ನಿ ಮೇಲೆ ಹೆಬ್ಬೆರಳು ಇಡುತ್ತೇನೆ, ರೇ ಮೇಲೆ ತೋರುಬೆರಳು, ಗ ಮೇಲೆ ನಡುಬೆರಳು, ಆಗ ತೀವ್ರ ಮ ಉಂಗುರದ ಬೆರಳಿಗೆ, ಪ ಕಿರುಬೆರಳಿಗೆ ತಾನಾಗಿ ಸಿಗುತ್ತದೆ. ಅವಳಿಗೆ ಎಷ್ಟು ಸಲ ಮಾಡಿದರೂ ಪ ಹತ್ತಿರ ಕೈ ಮುಗ್ಗರಿಸುತ್ತಿತ್ತು. ನೋಡಿದರೆ ಅವಳು ನಿ ಮೇಲೆ ತೋರುಬೆರಳು ಇಡುತ್ತಿದ್ದಳು, ತೀವ್ರ ಮ ಬರುವಷ್ಟರಲ್ಲಿ ಕಿರುಬೆರಳು ಬಂದುಬಿಡುತ್ತಿತ್ತು, ಪ ಗೆ ಬೆರಳೇ ಉಳಿಯುತ್ತಿರಲಿಲ್ಲ. ನಾನು "ನನ್ನ ಕೈ ನೋಡವ್ವಾ" ಅಂತ ಹೇಳುತ್ತಲೇ ಇದ್ದೆ. ಸುಮಾರು ಇಪ್ಪತ್ತು ನಿಮಿಷ. ಕೊನೆಗೆ ಬಹಳ ಸಣ್ಣ ದನಿಯಲ್ಲಿ ಅಂದಳು, "ಸರ್, ನಿಮ್ಮ ಹೆಬ್ಬೆರಳು ಕಾಣವಲ್ದು ರೀ."

View ಒತ್ತಿ ನನ್ನ ಚೌಕ ತಂದು ನೋಡಿದೆ. ಪೆಟ್ಟಿಗೆಯ ಮಂದ್ರದ ಕಡೆ ಪೂರ್ತಿ ಚೌಕಟ್ಟಿನಿಂದ ಹೊರಗೆ. ಅವಳಿಗೆ ಗ ದಿಂದ ಮುಂದೆ ಮಾತ್ರ ಕಾಣುತ್ತಿತ್ತು. ಕಿವಿಗೆ ನಿ ಬರುತ್ತಿತ್ತು, ಅದನ್ನು ಯಾವ ಬೆರಳು ನುಡಿಸಿತು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ನಮ್ಮ ಕಡೆ ಮಕ್ಕಳು ಗುರುಗಳನ್ನು ತಡೆದು ಮಾತಾಡುವುದಿಲ್ಲ, ಅದು ಅವರ ಸಂಸ್ಕಾರ. ಹಾಗಾಗಿ ಎದುರಿನವರು ಹೇಳುತ್ತಾರೆ ಅಂತ ಕಾಯುವ ಹಾಗಿಲ್ಲ, ನೋಡಿಕೊಳ್ಳುವುದು ನನ್ನ ಕೆಲಸ.

ಅದಾದ ಮೇಲೆ ನಾನು ಮಾಡಿಕೊಂಡ ವ್ಯವಸ್ಥೆ ಇದು. ಪಾಠಕ್ಕೆ ಮುಂಚೆ ನನ್ನ ಚೌಕ ನೋಡುತ್ತಾ ಪೆಟ್ಟಿಗೆಯನ್ನು ಸರಿಯಾಗಿ ಇಟ್ಟು, ಜಮಖಾನೆ ಮೇಲೆ ಅದರ ಎರಡು ಮೂಲೆಗೆ ಬಿಳಿ ಪಟ್ಟಿ ಅಂಟಿಸಿದ್ದೇನೆ. ಈಗ ಪರದೆ ನೋಡಬೇಕಾಗಿಲ್ಲ, ಪೆಟ್ಟಿಗೆ ಪಟ್ಟಿ ಬಿಟ್ಟು ಸರಿದರೆ ಕಣ್ಣಿಗೆ ಬೀಳುತ್ತದೆ. ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕರೆ ಮುಗಿಯುತ್ತದೆ, ಮತ್ತೆ ಸೇರುವಾಗ ಒಮ್ಮೆ ಚೌಕ ತೆರೆದು ನೋಡಿ ಮುಚ್ಚುತ್ತೇನೆ. ಕರೆಂಟ್ ಹೋದಾಗಲೂ ನೋಡಲೇಬೇಕು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ವೈಫೈ ಯುಪಿಎಸ್‌ನಲ್ಲಿ ನಡೆಯುತ್ತಿರುತ್ತದೆ, ನಮಗೆ ಏನೂ ನಿಂತಿಲ್ಲ ಅನಿಸುತ್ತದೆ, ಆದರೆ ಟ್ಯೂಬ್‌ಲೈಟ್ ಇಲ್ಲದೆ ಆ ಕಡೆ ಬರೀ ಕಪ್ಪು ಆಕಾರ.

ಇನ್ನೊಂದು, ಹಿಂದಿನ ಗೋಡೆ ಕಾಣದಿರಲಿ ಅಂತ ಹಿನ್ನೆಲೆ ಮಸುಕು ಮಾಡಿದ್ದರೆ, ಚೌಕ ಮರೆಮಾಡಿದರೂ ಆ ಮಸುಕು ಎದುರಿನವರಿಗೆ ಹಾಗೇ ಇರುತ್ತದೆ. ನನ್ನ ಹಾರ್ಮೋನಿಯಂ ಅನ್ನೂ ಅದು ಹಿನ್ನೆಲೆ ಅಂದುಕೊಂಡು ನುಂಗುತ್ತಿತ್ತು. ನಾನು ಅದನ್ನು ತೆಗೆದೇಬಿಟ್ಟೆ.

ಎಡ ಬಲದ ವಿಷಯವನ್ನೂ ಹೇಳಬೇಕು, ಇದು ಬಹಳ ಜನರಿಗೆ ಗೊತ್ತಿಲ್ಲ. ನನ್ನ ಚೌಕದಲ್ಲಿ ನಾನು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತೇನೆ, ಮಂದ್ರ ಎಡಕ್ಕೆ. ಮಕ್ಕಳಿಗೆ ಹಾಗಲ್ಲ. ಅವರಿಗೆ ನಾನು ಎದುರು ಕೂತ ಹಾಗೆ ಕಾಣುತ್ತೇನೆ, ನನ್ನ ಮಂದ್ರ ಅವರ ಪರದೆಯಲ್ಲಿ ಬಲಕ್ಕೆ. ನನ್ನ ಚೌಕ ನೋಡಿಕೊಂಡು "ಪರದೆಯ ಎಡಗಡೆ ನೋಡು" ಅಂದರೆ ಅವರು ಮೇಲಿನ ತಾರ ಸಪ್ತಕ ನೋಡುತ್ತಾರೆ. ಚೌಕ ಮರೆಮಾಡಿದ ಮೇಲೆ ಈ ಗೊಂದಲ ತಾನಾಗಿ ಹೋಯಿತು, ನಾನೀಗ ಎಡ ಬಲ ಅನ್ನುವುದೇ ಇಲ್ಲ, ಸ್ವರದ ಹೆಸರು ಹೇಳುತ್ತೇನೆ. ಪರೀಕ್ಷೆ ಮಾಡುವಾಗ ಅವರಿಗೆ ಕಾಣುವ ಹಾಗೇ ನಿಮಗೂ ಕಾಣಬೇಕಾದರೆ ಸೆಟ್ಟಿಂಗ್ಸ್‌ನ ವಿಡಿಯೋ ಭಾಗದಲ್ಲಿ Mirror my video ಎದುರಿನ ಗುರುತು ತೆಗೆಯಿರಿ.

ಅದಕ್ಕಿಂತ ಖಾತ್ರಿಯ ದಾರಿ ಅಂದರೆ ಮೊಬೈಲ್‌ನಿಂದಲೂ ಅದೇ ಕರೆಗೆ ಸೇರುವುದು. ಮೊಬೈಲ್‌ನಲ್ಲಿ ಆಡಿಯೋ ಮಾತ್ರ ಜೋಡಿಸಬೇಡಿ, ಜೋಡಿಸಿದರೆ ಎರಡೂ ಸೇರಿ ಕೀಂ ಅಂತ ಕೂಗುತ್ತವೆ. ಅಲ್ಲಿ ಕಾಣುವುದೇ ಮಕ್ಕಳಿಗೆ ಕಾಣುವುದು, ಬೆಳಕು, ಚೌಕಟ್ಟು, ತಡ ಎಲ್ಲಾ ಸೇರಿ. ಹೊಸ ವಿದ್ಯಾರ್ಥಿ ಬಂದಾಗ ಮೊದಲ ಪಾಠಕ್ಕೆ ಹೀಗೆ ಮಾಡುತ್ತೇನೆ.

ತಬಲಾ ಕಲಿಸುವ ನನ್ನ ಗೆಳೆಯರಿಗೂ ಇದನ್ನೇ ಹೇಳಿದೆ. ಅವರು ಕೈ ಎತ್ತಿ ತಾಳ ತೋರಿಸುವವರು, ತಾಳದಲ್ಲಿ ಪೆಟ್ಟಿಲ್ಲದ ಖಾಲಿ ಬಂದಾಗ ಕೈ ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಅಂಥವರು ಮೊದಲ ಒಂದೆರಡು ತಿಂಗಳು ತಮ್ಮ ಚೌಕವನ್ನು ಇಟ್ಟುಕೊಂಡೇ ಕಲಿಸಲಿ, ಕೈಗೆ ಜಾಗ ರೂಢಿಯಾದ ಮೇಲೆ ಮರೆಮಾಡಲಿ. ನಾನಂತೂ ಮತ್ತೆ ತೆರೆದಿಟ್ಟು ಕೂರುವುದಿಲ್ಲ. ಗದಗಿನ ಹುಡುಗಿ ಈಗ ಮೊದಲಿನಷ್ಟು ಸಂಕೋಚ ಪಡುವುದಿಲ್ಲ. ಹೋದ ವಾರ ಆಲಾಪದ ನಡುವೆಯೇ ನಿಲ್ಲಿಸಿ "ಸರ್, ಪೆಟ್ಟಿಗಿ ಸರದೈತ್ರಿ" ಅಂದಳು. ಕೆಳಗೆ ನೋಡಿದೆ, ಬಿಳಿ ಪಟ್ಟಿಯಿಂದ ಎರಡು ಬೆರಳು ಆಚೆ ಹೋಗಿತ್ತು.