ಐಟಿಐ ಅಥವಾ ಆರ್‌ಪಿಎಲ್: ಯಾವ ಕಾಗದ ಯಾರಿಗೆ?

ಹತ್ತು ವರ್ಷ ಕೊಳಾಯಿ ಕೆಲಸ ಮಾಡಿದವರಿಗೆ ಆರ್‌ಪಿಎಲ್, ಅಂದರೆ ಈಗಾಗಲೇ ಕಲಿತ ಕೆಲಸಕ್ಕೆ ಮಾನ್ಯತೆ ಕೊಡುವ ವ್ಯವಸ್ಥೆ, ಸಾಕು ಅಂತ ನನ್ನ ಅಭಿಪ್ರಾಯ. ಇಲ್ಲಿ ಹೊಸದಾಗಿ ಕೆಲಸ ಕಲಿಸುವುದಿಲ್ಲ. ಸ್ವಲ್ಪ ತಯಾರಿ ಕೊಟ್ಟು, ಕೈಯಲ್ಲಿರುವ ಕೆಲಸವನ್ನೇ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ದುಡಿಮೆ ಬಿಟ್ಟು ಐಟಿಐನಲ್ಲಿ 1 ವರ್ಷ ಪ್ಲಂಬರ್ ಕೋರ್ಸ್ ಕೂರಬೇಕಿಲ್ಲ.

ಎಲೆಕ್ಟ್ರಿಷಿಯನ್ ವಿಷಯ ಬೇರೆ. ಐಟಿಐ ಕೋರ್ಸ್ 2 ವರ್ಷ, ಹತ್ತನೇ ತರಗತಿ ಪಾಸಾಗಿರಬೇಕು. ಆದರೆ ರೈಲ್ವೆ, ವಿದ್ಯುತ್ ಕಂಪನಿಗಳ ಟೆಕ್ನಿಷಿಯನ್ ಹುದ್ದೆಗಳಿಗೆ ಸಾಮಾನ್ಯವಾಗಿ ಕೇಳುವುದು ಈ ಸರ್ಟಿಫಿಕೇಟನ್ನೇ. ಆರ್‌ಪಿಎಲ್ ಕಾಗದ, ವೈರಿಂಗ್ ಕೆಲಸಕ್ಕೆ ಅನುಮತಿ ಕೊಡುವ ವೈರ್‌ಮನ್ ಪರ್ಮಿಟ್ ಅಲ್ಲ. ಕರ್ನಾಟಕದಲ್ಲಿ ಆ ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಹಾಗಾಗಿ ಆರ್‌ಪಿಎಲ್‌ಗೆ ಸೇರುವ ಮೊದಲು, ನಿಮಗೆ ಬೇಕಾದ ಕೆಲಸದ ಪ್ರಕಟಣೆಯಲ್ಲಿ ಯಾವ ಸರ್ಟಿಫಿಕೇಟ್ ಹೆಸರಿದೆ ಅಂತ ಓದಿ ನೋಡಿ.