ಆಣಿ ಅಂತ ಬ್ಲೇಡ್ ಹಿಡಿಯುವ ಮುಂಚೆ ಅಂಗಾಲನ್ನು ಸರಿಯಾಗಿ ನೋಡಿ

ಅಂಗಾಲಿನಲ್ಲಿ ಗಟ್ಟಿಯಾಗಿ ಏನಾದರೂ ಎದ್ದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: ಆಣಿ ಆಗಿದೆ, ಬಿಸಿನೀರಲ್ಲಿ ನೆನೆಸಿ ಕೊಯ್ದು ಹಾಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ರೂಢಿ ಇದ್ದರೆ, ಅದರಲ್ಲೂ ಅವರಿಗೆ ಶುಗರ್ ಇದ್ದರೆ, ದಯವಿಟ್ಟು ಇದನ್ನು ಓದಿ, ಅವರಿಗೂ ಓದಿ ಹೇಳಿ. ದಾವಣಗೆರೆಯಲ್ಲಿರುವ ನಮ್ಮ ಚಿಕ್ಕಪ್ಪ ಇದೇ ಕೆಲಸದಿಂದ ತಿಂಗಳುಗಟ್ಟಲೆ ಅಂಗಡಿ ಬಿಟ್ಟು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕೂರಬೇಕಾಯಿತು.

ಚಿಕ್ಕಪ್ಪನದು ಕಿರಾಣಿ ಅಂಗಡಿ. ಬೆಳಗ್ಗೆಯಿಂದ ರಾತ್ರಿವರೆಗೆ ನಿಂತೇ ಇರುವ ಕೆಲಸ. ಹಾಕುವುದು ಗಟ್ಟಿ ಅಟ್ಟೆಯ ಚರ್ಮದ ಚಪ್ಪಲಿ. ಶುಗರ್ ಬಂದು ಬಹಳ ವರ್ಷ ಆಗಿದೆ. ಬಲಗಾಲಿನ ಕಿರುಬೆರಳಿನ ಬುಡದಲ್ಲಿ ಒಂದು ಗಂಟು, ಎಡಗಾಲಿನ ಹಿಮ್ಮಡಿ ಪಕ್ಕದಲ್ಲಿ ಇನ್ನೊಂದು. ಅವರ ಲೆಕ್ಕದಲ್ಲಿ ಎರಡೂ ಆಣಿಯೇ. ಭಾನುವಾರ ಸ್ನಾನ ಆದ ಮೇಲೆ ಶೇವಿಂಗ್ ಬ್ಲೇಡ್ ತಗೊಂಡು ಎರಡನ್ನೂ ಕೊಯ್ಯೋರು. ಚಿಕ್ಕಮ್ಮ ಬೇಡ ಅಂದರೆ, "ಬೇರು ಬರ್ಲಿಲ್ಲ ಅಂದ್ರ ಮತ್ತ ಬೆಳೀತೈತಿ, ಸುಮ್ನಿರು" ಅನ್ನೋರು.

ಈ ಬೇರಿನ ನಂಬಿಕೆಯೇ ಅವರ ಕಾಲಿಗೆ ಮುಳುವಾಯಿತು. ಆಣಿಗೆ ಬೇರು ಇರುವುದಿಲ್ಲ. ಒಳಗಿನ ಮೂಳೆ ಒಂದು ಕಡೆಯಿಂದ, ಚಪ್ಪಲಿ ಇನ್ನೊಂದು ಕಡೆಯಿಂದ ಒಂದೇ ಜಾಗವನ್ನು ದಿನವೂ ಒತ್ತುತ್ತಿದ್ದರೆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಪದರದ ಮೇಲೆ ಪದರ ದಪ್ಪ ಆಗುತ್ತದೆ. ಆ ದಪ್ಪ ಚರ್ಮ ಮೊಳೆಯ ಹಾಗೆ ಚೂಪಾಗಿ ಒಳಮುಖವಾಗಿ ಕೂರುತ್ತದೆ. ಕಾಲಿಟ್ಟಾಗ ಚುಚ್ಚುವುದು ಅದೇ. ಅದು ಪೂರ್ತಿ ಸತ್ತ ಚರ್ಮ. ಎಷ್ಟು ಕೊಯ್ದರೂ ಒತ್ತಡ ಅಲ್ಲೇ ಇರುವುದರಿಂದ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ. ಬೇರು ಉಳಿದಿದೆ ಅಂದುಕೊಂಡು ಜನ ಇನ್ನೂ ಆಳಕ್ಕೆ ಕೊಯ್ಯುತ್ತಾರೆ, ಬ್ಲೇಡು ಜೀವಂತ ಚರ್ಮಕ್ಕೆ ಇಳಿಯುತ್ತದೆ.

ಚಿಕ್ಕಪ್ಪನಿಗೆ ಆದದ್ದೂ ಇದೇ. ಆವತ್ತು ಬಲಗಾಲಿನಲ್ಲಿ ರಕ್ತ ಬಂತು. ಅರಿಶಿನ ಮೆತ್ತಿ, ಬಟ್ಟೆ ಕಟ್ಟಿಕೊಂಡು ಅಂಗಡಿಗೆ ಹೋದರು. ನೋವಾಗುತ್ತಿಲ್ಲ, ಅಂದಮೇಲೆ ವಾಸಿ ಆಗ್ತಿದೆ ಅಂತ ಅವರ ಧೈರ್ಯ. ಕೆಲವು ದಿನ ಬಿಟ್ಟು ಚಿಕ್ಕಮ್ಮ ಚಪ್ಪಲಿ ಎತ್ತಿಡುವಾಗ ಅಟ್ಟೆ ಒದ್ದೆಯಾಗಿತ್ತು, ಕೆಟ್ಟ ವಾಸನೆ. ಪಾದದ ಅಂಚು ಕೆಂಪಗೆ ಊದಿ, ಮುಟ್ಟಿದರೆ ಬೆಚ್ಚಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಮಾಡಿದ ಪರೀಕ್ಷೆ ನನಗೆ ಕಣ್ಣಿಗೆ ಕಟ್ಟಿದಂತಿದೆ. ತೆಳ್ಳನೆಯ ನೈಲಾನ್ ಎಳೆಯೊಂದನ್ನು ತಗೊಂಡು, ಚಿಕ್ಕಪ್ಪನಿಗೆ ಕಣ್ಣು ಮುಚ್ಚಲು ಹೇಳಿ, ಎಳೆ ಬಾಗುವಷ್ಟು ಮಾತ್ರ ಒತ್ತಿ ಅಂಗಾಲಿನ ಬೇರೆ ಬೇರೆ ಕಡೆ ಮುಟ್ಟಿಸಿದರು. "ಯಜಮಾನ್ರೇ, ಗೊತ್ತಾದಾಗ ಹೇಳಿ" ಅಂದರು. ಹೆಬ್ಬೆರಳಿನ ಕೆಳಗೆ, ಕಿರುಬೆರಳಿನ ಬುಡದಲ್ಲಿ ಮುಟ್ಟಿಸಿದಾಗ ಚಿಕ್ಕಪ್ಪ ಸುಮ್ಮನೇ ಕೂತಿದ್ದರು. ಶುಗರಿನಿಂದ ನರಗಳು ಮಂದ ಆಗಿದ್ದವು. ನೋವಿಲ್ಲದ್ದು ಗಾಯ ಮಾಯುತ್ತಿದೆ ಅಂತಲ್ಲ, ಕಾಲಿಗೆ ತಿಳಿಯುತ್ತಲೇ ಇರಲಿಲ್ಲ. ಗಟ್ಟಿ ಚರ್ಮ ತೆಗೆದಾಗ ಅದರ ಕೆಳಗೆ ಕೀವು ತುಂಬಿತ್ತು. ಸೋಂಕು ಮೂಳೆಗೆ ಇಳಿದಿದೆಯಾ ಅಂತ ಎಕ್ಸ್‌ರೇ ತೆಗೆದರು. ಪುಣ್ಯಕ್ಕೆ ಇಳಿದಿರಲಿಲ್ಲ. ಇಳಿದಿದ್ದರೆ ಬೆರಳು ತೆಗೆಯುವ ಮಾತು ಬರಬಹುದಿತ್ತು ಅಂತ ಅವರೇ ಹೇಳಿದರು.

ಎಡಗಾಲನ್ನು ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಅದು ಆಣಿಯೇ ಅಲ್ಲ, ನರೂಲಿ. ಕೈ ಮೇಲೆ, ಕುತ್ತಿಗೆ ಮೇಲೆ ಆಗುವುದಷ್ಟೇ ನರೂಲಿ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅಂಗಾಲಿನಲ್ಲೂ ಆಗುತ್ತದೆ. ಮೈಭಾರ ಬಿದ್ದು ಒಳಕ್ಕೆ ಒತ್ತಿಕೊಳ್ಳುವುದರಿಂದ ಉಬ್ಬದೆ ಚಪ್ಪಟೆಯಾಗಿ ಆಣಿಯ ಥರಾನೇ ಕಾಣುತ್ತದೆ. ಇದಕ್ಕೆ ಕಾರಣ ಒತ್ತಡವಲ್ಲ, ವೈರಸ್.

ಡಾಕ್ಟರು ಭೂತಗನ್ನಡಿ ಹಿಡಿದು ನನಗೂ ತೋರಿಸಿದರು. ಅಂಗಾಲಿನ ಚರ್ಮದಲ್ಲಿ ಬೆರಳಚ್ಚಿನಂಥ ಸಣ್ಣ ಗೆರೆಗಳು ಇರುತ್ತವೆ ಅಲ್ವಾ? ಆಣಿಯಲ್ಲಿ ಆ ಗೆರೆಗಳು ಗಟ್ಟಿ ಚರ್ಮದ ಮೇಲೂ ಮುಂದುವರಿದಿರುತ್ತವೆ, ನಡುವೆ ಗಾಜಿನಂತೆ ಮಸುಕಾದ ಗಟ್ಟಿ ಚುಕ್ಕೆ ಕಾಣಬಹುದು. ನರೂಲಿಯಲ್ಲಿ ಗೆರೆಗಳು ಅಂಚಿಗೆ ಬಂದು ನಿಂತು, ಪಕ್ಕಕ್ಕೆ ಸರಿದು ಹೋಗುತ್ತವೆ. ಅದರ ಮೈ ಒರಟು. ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಚಿಕ್ಕಪ್ಪ ಬೇರು ಅಂದುಕೊಂಡು ಕೆದಕುತ್ತಿದ್ದದ್ದು ಇದೇ ಚುಕ್ಕೆಗಳನ್ನು. ಅವು ರಕ್ತ ಹೆಪ್ಪುಗಟ್ಟಿದ ಸಣ್ಣ ರಕ್ತನಾಳಗಳು. ಅದಕ್ಕೇ ಪ್ರತಿ ಸಲ ಕೊಯ್ದಾಗಲೂ ಅಲ್ಲಿ ಹನಿ ಹನಿ ರಕ್ತ ಜಿನುಗುತ್ತಿತ್ತು. ಆಣಿಯ ಗಟ್ಟಿ ಚರ್ಮದಲ್ಲಿ ರಕ್ತವೇ ಇರುವುದಿಲ್ಲ, ಅಲ್ಲಿ ರಕ್ತ ಬಂತು ಅಂದರೆ ಬ್ಲೇಡು ದಾಟಬಾರದ ಕಡೆ ದಾಟಿದೆ. ಹಾಗಂತ ರಕ್ತ ಬರುತ್ತಾ ನೋಡೋಣ ಅಂತ ಮನೆಯಲ್ಲಿ ಕೊಯ್ದು ನೋಡಬೇಡಿ.

ಇನ್ನೊಂದು ಗುರುತು ನೋವಿನದು. ನೇರವಾಗಿ ಒತ್ತಿದಾಗ ಜಾಸ್ತಿ ನೋವಾದರೆ ಸಾಮಾನ್ಯವಾಗಿ ಆಣಿ. ಎರಡೂ ಪಕ್ಕದಿಂದ ಬೆರಳಲ್ಲಿ ಹಿಂಡಿದಾಗ ಜಾಸ್ತಿ ನೋವಾದರೆ ನರೂಲಿ ಇರಬಹುದು. ಆದರೆ ಸ್ಪರ್ಶ ಮಂದವಾದ ಕಾಲಿನಲ್ಲಿ ಈ ಗುರುತು ಕೆಲಸಕ್ಕೆ ಬರುವುದಿಲ್ಲ. ಜೊತೆಗೆ ನರೂಲಿಯ ಮೇಲೆ ಗಟ್ಟಿ ಚರ್ಮ ಬೆಳೆದರೆ ಗೆರೆಯೂ ಚುಕ್ಕೆಯೂ ಮುಚ್ಚಿಹೋಗುತ್ತವೆ. ಹಾಗಾಗಿ ಶುಗರ್ ಇರುವವರು ತಾವೇ ತೀರ್ಮಾನ ಮಾಡುವುದು ಬೇಡ.

ನರೂಲಿಯನ್ನು ಕೊಯ್ದರೆ ವೈರಸ್ಸು ಪಕ್ಕದ ಗಾಯಗಳಿಗೆ ಅಂಟಿ ಹರಡಬಹುದು. ಚಿಕ್ಕಪ್ಪನ ಹಿಮ್ಮಡಿಯಲ್ಲಿ ದೊಡ್ಡದರ ಸುತ್ತ ಆಗಲೇ ಸಣ್ಣವು ಎದ್ದಿದ್ದವು. ಬ್ಲೇಡು, ಕಾಲು ಉಜ್ಜುವ ಕಲ್ಲು, ಟವೆಲ್ಲು ಹಂಚಿಕೊಂಡರೆ ಮನೆಯವರಿಗೂ ಅಂಟಬಹುದು.

ಮೆಡಿಕಲ್ ಶಾಪಿನಲ್ಲಿ ಸಿಗುವ ಕಾರ್ನ್ ಕ್ಯಾಪ್ ಬಗ್ಗೆಯೂ ಹೇಳಲೇಬೇಕು. ಬ್ಲೇಡಿಗಿಂತ ಅದು ವಾಸಿ ಅಂತ ಜನ ತಗೊಳ್ತಾರೆ. ಅದರಲ್ಲಿ ಇರುವುದು ಸಾಮಾನ್ಯವಾಗಿ ಸ್ಯಾಲಿಸಿಲಿಕ್ ಆಸಿಡ್. ಗಟ್ಟಿ ಚರ್ಮವನ್ನು ಕರಗಿಸುವುದು ನಿಜ, ಆದರೆ ಸ್ವಲ್ಪ ಜರುಗಿದರೂ ಪಕ್ಕದ ಒಳ್ಳೆ ಚರ್ಮವನ್ನೂ ಸುಡುತ್ತದೆ. ಶುಗರ್ ಇದ್ದವರಿಗೆ, ಕಾಲಿನ ರಕ್ತ ಸಂಚಾರ ಕಡಿಮೆ ಇದ್ದವರಿಗೆ ಡಾಕ್ಟರು ಹೇಳದೆ ಅದು ಬೇಡವೇ ಬೇಡ.

ಶುಗರ್ ಇಲ್ಲದ, ಕಾಲಿನ ಸ್ಪರ್ಶ ಚೆನ್ನಾಗಿರುವವರು ಆಣಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ ಕಲ್ಲಿನಿಂದ ಹಗುರವಾಗಿ ಉಜ್ಜಬಹುದು. ಒಂದೇ ದಿನಕ್ಕೆ ಪೂರ್ತಿ ಹೋಗಬೇಕು ಅಂತ ಹಟ ಮಾಡಬಾರದು. ಅದಕ್ಕಿಂತ ಮುಖ್ಯ ಚಪ್ಪಲಿ ಬದಲಿಸುವುದು. ಚಿಕ್ಕಪ್ಪನಿಗೆ ಡಾಕ್ಟರು ಶುಗರ್ ಇರುವವರಿಗೆ ಅಂತಲೇ ಮಾಡುವ, ಮೆತ್ತನೆ ಅಟ್ಟೆಯ ಎಂಸಿಆರ್ ಚಪ್ಪಲಿ ಬರೆದುಕೊಟ್ಟರು. ಒತ್ತಡ ತಪ್ಪಿದ ಮೇಲೇ ಆ ಗಾಯ ಮಾಯತೊಡಗಿದ್ದು. ನರೂಲಿಗೆ ಬೇರೆಯದೇ ಚಿಕಿತ್ಸೆ. ಗಾಯ ಪೂರ್ತಿ ವಾಸಿಯಾದ ಮೇಲೆ ಚರ್ಮದ ಡಾಕ್ಟರು ದ್ರವ ಸಾರಜನಕದಿಂದ ಅದನ್ನು ಹೆಪ್ಪುಗಟ್ಟಿಸಿ ತೆಗೆದರು, ಅದೂ ಒಂದೇ ಸಲಕ್ಕೆ ಮುಗಿಯಲಿಲ್ಲ.

ಈಗಾಗಲೇ ಕೊಯ್ದುಕೊಂಡಿದ್ದರೆ ದಿನವೂ ಕನ್ನಡಿ ಹಿಡಿದು ಅಂಗಾಲು ನೋಡಿ, ಇಲ್ಲವೇ ಮನೆಯವರಿಗೆ ತೋರಿಸಿ. ಕೆಂಪು, ಊತ, ಬಿಸಿ, ಕೀವು, ವಾಸನೆ, ಒದ್ದೆಯಾದ ಚಪ್ಪಲಿ, ಇದರಲ್ಲಿ ಒಂದು ಕಂಡರೂ ಶುಗರ್ ಇರುವವರು ಅವತ್ತೇ ಆಸ್ಪತ್ರೆಗೆ ಹೋಗಬೇಕು, ನೋವು ಬರಲಿ ಅಂತ ಕಾಯಬಾರದು. ಆಣಿಯೋ ನರೂಲಿಯೋ ಅಂದುಕೊಂಡದ್ದು ಕಪ್ಪಾಗಿ ಅಗಲವಾಗುತ್ತಿದ್ದರೆ, ಅಥವಾ ಮಾಯದೆ ಪದೇ ಪದೇ ರಕ್ತ ಬರುತ್ತಿದ್ದರೆ ಶುಗರ್ ಇಲ್ಲದವರೂ ಚರ್ಮದ ಡಾಕ್ಟರಿಗೆ ತೋರಿಸಿ. ಅಂಗಾಲಿನಲ್ಲಿ ಅಪರೂಪಕ್ಕೆ ಆಗುವ ಚರ್ಮದ ಕ್ಯಾನ್ಸರ್ ಕೂಡ ಶುರುವಿನಲ್ಲಿ ಹೀಗೇ ಕಾಣಬಹುದು.